ಕೈಗೆ ಲಕ್ಷ ಬರಬೇಕಾದರೆ ಕೇಳಬೇಕಾದದ್ದೆಷ್ಟು?

ಕೆಲಸದ ಸಂದರ್ಶನ ಮುಗಿದ ಮೇಲೆ ಎಚ್‌ಆರ್‌ನಿಂದ ಬರುವ ಫೋನು ಬಹಳ ಹೊತ್ತು ನಡೆಯುವುದಿಲ್ಲ. ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ ಎಂದು ಕೇಳುತ್ತಾರೆ. ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗೆ ಉತ್ತರ ಕಾಗದದ ಮೇಲೇ ಇರುತ್ತದೆ. ಎರಡನೆಯದಕ್ಕೆ ಮಾತ್ರ ಹೆಚ್ಚಿನವರು ಅಂದಾಜಿನಲ್ಲಿ ಒಂದು ಸಂಖ್ಯೆ ಹೇಳಿಬಿಡುತ್ತಾರೆ. ಈಗಿನದ್ದಕ್ಕೆ ಮೂವತ್ತು ಪರ್ಸೆಂಟ್ ಸೇರಿಸುವವರಿದ್ದಾರೆ, ಗೆಳೆಯನಿಗೆ ಸಿಕ್ಕಿದ್ದನ್ನೇ ತಾವೂ ಕೇಳುವವರಿದ್ದಾರೆ. ಆದರೆ ಮನೆ ನಡೆಯುವುದು ಸಿಟಿಸಿಯ ಮೇಲಲ್ಲ. ಬಾಡಿಗೆ, ಸಾಲದ ಕಂತು, ಮಗುವಿನ ಶಾಲೆಯ ಫೀಸು, ಊರಿಗೆ ಕಳಿಸುವ ದುಡ್ಡು ಇವೆಲ್ಲ ಹೋಗುವುದು ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಬಿದ್ದ ಹಣದಿಂದ. ಹಾಗಾದರೆ ಲೆಕ್ಕವನ್ನೂ ಅಲ್ಲಿಂದಲೇ ಶುರು ಮಾಡಬೇಕು. ಕೈಗೆ ಎಷ್ಟು ಬರಬೇಕೆಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದೆ ಹಿಂದೆ ನಡೆದು, ಎಚ್‌ಆರ್‌ಗೆ ಹೇಳಬೇಕಾದ ಸಂಖ್ಯೆಯನ್ನು ತಲುಪಬೇಕು.

ಈ ಹಿಮ್ಮುಖ ಲೆಕ್ಕ ಕೂಡು–ಕಳೆಯಷ್ಟೇ ಅಲ್ಲವೇ ಎನಿಸಬಹುದು. ಅಲ್ಲ. ತಿಂಗಳಿಗೆ ಒಂದು ಲಕ್ಷದ ಆಸುಪಾಸಿನಲ್ಲಿ, ಅಂದರೆ ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ಅನುಭವವಾದ ಎಷ್ಟೋ ಮಂದಿ ಗುರಿ ಇಟ್ಟುಕೊಳ್ಳುವ ಮೊತ್ತದ ಹತ್ತಿರವೇ, ಒಂದು ವಿಚಿತ್ರವಾದ ಪಟ್ಟಿ ಇದೆ. ಅದರೊಳಗೆ ಸಿಟಿಸಿ ಮುಕ್ಕಾಲು ಲಕ್ಷ ಏರಿದರೂ ಕೈಗೆ ಬರುವ ಸಂಬಳ ಕಡಿಮೆಯಾಗಿರುತ್ತದೆ. ಅದನ್ನು ತಿಳಿಯದೆ ಚೌಕಾಸಿ ಮಾಡಿದವರು ಗೆದ್ದೆವೆಂದುಕೊಂಡು ಸೋತಿರುತ್ತಾರೆ.

ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದು ನಡೆಯೋಣ. ಹುಬ್ಬಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವ ಒಬ್ಬ ತರುಣಿ ಹೊಸ ಕಂಪನಿಗೆ ಹೋಗಲು ಸಿದ್ಧಳಾಗಿದ್ದಾಳೆ ಎಂದುಕೊಳ್ಳಿ. ಮನೆ ಬಾಡಿಗೆ, ಊರಿನ ಮನೆಯ ಸಾಲದ ಕಂತು, ದಿನದ ಖರ್ಚು, ಸ್ವಲ್ಪ ಉಳಿತಾಯ ಎಲ್ಲ ಕೂಡಿಸಿದರೆ ಆಕೆಗೆ ತಿಂಗಳಿಗೆ 1,00,000 ರೂಪಾಯಿ ಕೈಗೆ ಬರಬೇಕು. ವರ್ಷಕ್ಕೆ 12,00,000. ಇದೇ ನಮ್ಮ ಆರಂಭದ ಸಂಖ್ಯೆ.

ಹಿಂದಕ್ಕೆ ನಡೆಯುವಾಗ ಮೊದಲು ಸಿಗುವುದು ಸಣ್ಣ ಕಡಿತ. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇರುವವರಿಗೆ ವೃತ್ತಿ ತೆರಿಗೆ 200 ರೂಪಾಯಿ. 2025ರ ತಿದ್ದುಪಡಿಯ ನಂತರ ಫೆಬ್ರುವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500. ಅದನ್ನು ಕೂಡಿಸಿಬಿಟ್ಟರೆ ಆಯಿತು.

ಎರಡನೆಯದು ಪಿಎಫ್. ಲೆಕ್ಕ ಮೊದಲ ಸಲ ತೊಡಕಾಗುವುದು ಇಲ್ಲಿಯೇ. ಉದ್ಯೋಗಿಯ ಪಾಲು ಬೇಸಿಕ್‌ನ ಶೇ 12, ಕಂಪನಿಯ ಪಾಲೂ ಅಷ್ಟೇ. ಆದರೆ ಆ ಬೇಸಿಕ್ ಎಷ್ಟು? ಅದು ಸಿಟಿಸಿಯ ಮೇಲೆ ನಿಂತಿದೆ. ಸಿಟಿಸಿ ಎಷ್ಟು? ಅದನ್ನೇ ತಾನೆ ಹುಡುಕುತ್ತಿರುವುದು. ಈ ಸುತ್ತಿನಿಂದ ಹೊರಬರಲು ಒಂದು ಅನುಪಾತವನ್ನು ಮೊದಲೇ ಹಿಡಿದುಕೊಳ್ಳಬೇಕು. ಬೇಸಿಕ್ ಅನ್ನು ಸಿಟಿಸಿಯ ಅರ್ಧಕ್ಕೆ ಕಟ್ಟುವುದು ಅನೇಕ ಕಂಪನಿಗಳ ರೂಢಿ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅದಕ್ಕೆ ಬಲವಾದ ಕಾರಣವೂ ಇದೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು ಎನ್ನುತ್ತದೆ ವೇತನ ಸಂಹಿತೆ. ಬೇಸಿಕ್ ಅನ್ನು ಮೂರನೇ ಒಂದು ಪಾಲಿಗೆ ಇಳಿಸಿ ಉಳಿದದ್ದನ್ನೆಲ್ಲ ಸ್ಪೆಷಲ್ ಅಲೋಯನ್ಸ್ ಎಂದು ಬರೆಯುವ ಹಳೆಯ ದಾರಿ ಇದರಿಂದ ಕಿರಿದಾಗಿದೆ. ಆದ್ದರಿಂದ ನಮ್ಮ ಲೆಕ್ಕದಲ್ಲೂ ಬೇಸಿಕ್ ಎಂದರೆ ಸಿಟಿಸಿಯ ಅರ್ಧ.

ಪಿಎಫ್‌ನಲ್ಲಿ ಇನ್ನೊಂದು ಕವಲಿದೆ, ಇಡೀ ಲೆಕ್ಕವನ್ನು ತಿರುಗಿಸಿಬಿಡುವಂಥದ್ದು. ಕಾನೂನು ಕಡ್ಡಾಯ ಮಾಡಿರುವುದು ತಿಂಗಳಿಗೆ 15,000 ರೂಪಾಯಿ ವೇತನದ ಮಿತಿಯವರೆಗಿನ ಪಿಎಫ್ ಅನ್ನು. ಅದರ ಶೇ 12 ಎಂದರೆ 1,800. ಕೆಲವು ಕಂಪನಿಗಳು ಎಲ್ಲರಿಗೂ ಈ 1,800ನ್ನೇ ಕಟ್ಟುತ್ತವೆ. ಕೆಲವು ಪೂರ್ಣ ಬೇಸಿಕ್‌ನ ಮೇಲೆ ಕಟ್ಟುತ್ತವೆ. ಇನ್ನು ಕೆಲವು, ಸೇರುವ ದಿನ ಉದ್ಯೋಗಿಯನ್ನೇ ಕೇಳುತ್ತವೆ. ಸಿಟಿಸಿ ಒಂದೇ ಇದ್ದರೂ ಈ ಮೂರು ಕಡೆ ಕೈಗೆ ಬರುವ ದುಡ್ಡು ಬೇರೆ ಬೇರೆ.

ಮೊದಲು 1,800ರ ಕಂಪನಿಯನ್ನು ನೋಡೋಣ. ಕೈಗೆ ಬೇಕಾದ 12,00,000ಕ್ಕೆ ವೃತ್ತಿ ತೆರಿಗೆ 2,500 ಸೇರಿಸಿ, ಆಕೆಯ ಪಾಲಿನ ಪಿಎಫ್ 21,600 ಸೇರಿಸಿ. 12,24,100 ಆಯಿತು. ಇದು ಆದಾಯ ತೆರಿಗೆ ಕಳೆದ ಮೇಲೆ ಉಳಿಯಬೇಕಾದ ಮೊತ್ತ. ಇನ್ನು ತೆರಿಗೆ ಎಷ್ಟೆಂದು ನೋಡಬೇಕು.

2025ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಹೊಸ ತೆರಿಗೆ ಪದ್ಧತಿಯ ಸ್ಲ್ಯಾಬ್‌ಗಳನ್ನು ಬದಲಿಸಿದರು. ನಾಲ್ಕು ಲಕ್ಷದವರೆಗೆ ತೆರಿಗೆ ಇಲ್ಲ, ನಾಲ್ಕರಿಂದ ಎಂಟು ಲಕ್ಷದವರೆಗೆ ಶೇ 5, ಎಂಟರಿಂದ ಹನ್ನೆರಡರವರೆಗೆ ಶೇ 10, ಹನ್ನೆರಡರಿಂದ ಹದಿನಾರರವರೆಗೆ ಶೇ 15, ಹೀಗೆ ಮೇಲಕ್ಕೆ ಹೋಗುತ್ತದೆ. ಹನ್ನೆರಡು ಲಕ್ಷದ ಮೇಲೆ ಲೆಕ್ಕ ಹಾಕಿದರೆ ಬರುವ ತೆರಿಗೆ 60,000. ಆದರೆ ತೆರಿಗೆಗೆ ಒಳಪಡುವ ಆದಾಯ ಹನ್ನೆರಡು ಲಕ್ಷ ಮೀರದಿದ್ದರೆ ಆ 60,000 ಪೂರ್ತಿ ರಿಬೇಟ್ ಆಗಿ ಮಾಫಿಯಾಗುತ್ತದೆ. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ ಇದೆ. ಎರಡನ್ನೂ ಸೇರಿಸಿದರೆ 12,75,000 ರೂಪಾಯಿ ಗ್ರಾಸ್‌ವರೆಗೆ ಒಂದು ಪೈಸೆ ಆದಾಯ ತೆರಿಗೆ ಇಲ್ಲ. ಇಲ್ಲಿ ಒಂದು ಮಾತು ನೆನಪಿರಲಿ: ಆಕೆಯ ಪಾಲಿನ ಪಿಎಫ್‌ಗೆ, ವೃತ್ತಿ ತೆರಿಗೆಗೆ ಈ ಹೊಸ ಪದ್ಧತಿಯಲ್ಲಿ ವಿನಾಯಿತಿ ಸಿಗುವುದಿಲ್ಲ. ತೆರಿಗೆಯ ಲೆಕ್ಕ ನಡೆಯುವುದು ಅವನ್ನು ಕಳೆಯುವ ಮೊದಲಿನ ಗ್ರಾಸ್‌ನ ಮೇಲೆ.

ಆಕೆಗೆ ಬೇಕಾದ 12,24,100 ಆ ಗಡಿಯೊಳಗೇ ಇದೆ. ತೆರಿಗೆ ಸೊನ್ನೆ. ಹಾಗಾಗಿ ಗ್ರಾಸ್ ಕೂಡ 12,24,100ವೇ. ಇನ್ನು ಅದರ ಮೇಲೆ ಕಂಪನಿ ಸಿಟಿಸಿಗೆ ಸೇರಿಸುವ, ಆಕೆಯ ಖಾತೆಗೆ ತಿಂಗಳು ತಿಂಗಳು ಬಾರದ ಬಾಬುಗಳು. ಕಂಪನಿಯ ಪಾಲಿನ ಪಿಎಫ್ 21,600. ಆಮೇಲೆ ಗ್ರಾಚ್ಯುಟಿ. ಒಂದು ವರ್ಷದ ದುಡಿಮೆಗೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ದಿನವೆಂದು ಎಣಿಸಿ ಕೊಡುವುದು ಗ್ರಾಚ್ಯುಟಿಯ ಕ್ರಮವಾದ್ದರಿಂದ ಅದು ಬೇಸಿಕ್‌ನ ಶೇ 4.81ರಷ್ಟಾಗುತ್ತದೆ. ಬೇಸಿಕ್ ಸಿಟಿಸಿಯ ಅರ್ಧ ಎಂದು ಹಿಡಿದಿದ್ದರಿಂದ ಸಿಟಿಸಿಯ ಶೇ 2.4ರಷ್ಟು. ಇವನ್ನು ಸೇರಿಸಿ ಲೆಕ್ಕ ಮುಗಿಸಿದರೆ ಸಿಟಿಸಿ ಸುಮಾರು 12,76,400 ಆಗುತ್ತದೆ.

ಇನ್ನು ಎರಡನೆಯ ಕಂಪನಿ. ಇಲ್ಲಿ ಪಿಎಫ್ ಪೂರ್ಣ ಬೇಸಿಕ್‌ನ ಮೇಲೆ. ಸಿಟಿಸಿಯ ಶೇ 6 ಕಂಪನಿಯ ಪಾಲಾಗಿ ಗ್ರಾಸ್‌ಗೆ ಬರುವ ಮೊದಲೇ ಹೋಗುತ್ತದೆ, ಇನ್ನೊಂದು ಶೇ 6 ಆಕೆಯ ಪಾಲಾಗಿ ಗ್ರಾಸ್‌ನಿಂದ ಹೋಗುತ್ತದೆ. ಗ್ರಾಚ್ಯುಟಿಯೂ ಸೇರಿದರೆ ಪ್ರತಿ ನೂರು ರೂಪಾಯಿ ಸಿಟಿಸಿಯಲ್ಲಿ ಸುಮಾರು 85 ರೂಪಾಯಿ 60 ಪೈಸೆ ಮಾತ್ರ ಉಳಿಯುತ್ತದೆ, ಅದೂ ತೆರಿಗೆ ಇಲ್ಲದಿದ್ದರೆ.

ತೆರಿಗೆ ಇಲ್ಲದ ಗಡಿಯ ತುದಿಗೇ ಹೋಗಿ ನಿಲ್ಲೋಣ. ಗ್ರಾಸ್ 12,75,000 ಆಗುವ ಸಿಟಿಸಿ ಸುಮಾರು 13,92,000. ಅಲ್ಲಿ ಆಕೆಯ ಕೈಗೆ ತಿಂಗಳಿಗೆ 99,082 ರೂಪಾಯಿ ಬರುತ್ತದೆ. ಲಕ್ಷಕ್ಕೆ ಇನ್ನು 918 ರೂಪಾಯಿ ಸಾಲದು, ಅಷ್ಟೇ. ಸಾವಿರವೂ ಇಲ್ಲದ ಆ ಕೊರತೆ ತುಂಬಲು ಸಿಟಿಸಿಯನ್ನು ಹದಿನೈದು ಸಾವಿರ ಏರಿಸಿದರೆ ಸಾಕೆಂದು ಯಾರಿಗಾದರೂ ಅನಿಸುತ್ತದೆ. ನಿಜದಲ್ಲಿ ಏರಿಸಬೇಕಾದದ್ದು ಒಂದು ಲಕ್ಷ ಮೂರು ಸಾವಿರ. 14,95,000 ಸಿಟಿಸಿ ಇದ್ದರೆ ಮಾತ್ರ ಆಕೆಯ ಖಾತೆಗೆ ಸರಿಯಾಗಿ ಒಂದು ಲಕ್ಷ ಬೀಳುತ್ತದೆ.

ಹೀಗೇಕೆ ಆಗುತ್ತದೆ ಎನ್ನುವುದು ತಿಳಿಯಬೇಕಾದ ವಿಷಯ. ತೆರಿಗೆಗೆ ಒಳಪಡುವ ಆದಾಯ ಹನ್ನೆರಡು ಲಕ್ಷವನ್ನು ಒಂದು ರೂಪಾಯಿ ದಾಟಿದರೂ 60,000 ರಿಬೇಟ್ ಕೈತಪ್ಪುತ್ತದೆ. ಒಂದು ರೂಪಾಯಿಗಾಗಿ ಅರವತ್ತು ಸಾವಿರ ಕಟ್ಟಿಸುವುದು ಅನ್ಯಾಯವಾಗುತ್ತದೆಂದು ಕಾನೂನೇ ಒಂದು ತಡೆ ಹಾಕಿದೆ. ಹನ್ನೆರಡು ಲಕ್ಷದ ಮೇಲೆ ಎಷ್ಟು ಹೆಚ್ಚಾಗಿದೆಯೋ ಅದಕ್ಕಿಂತ ತೆರಿಗೆ ಹೆಚ್ಚಾಗಬಾರದು. ಇದಕ್ಕೆ ಮಾರ್ಜಿನಲ್ ರಿಲೀಫ್ ಎನ್ನುತ್ತಾರೆ. ಹೆಸರು ಪರಿಹಾರದ್ದು, ಆದರೆ ಸಂಬಳದ ಚೌಕಾಸಿ ಮಾಡುವವರ ಕಡೆಯಿಂದ ನೋಡಿದರೆ ಅದರ ಅರ್ಥವೇ ಬೇರೆ. ಹೆಚ್ಚು ದುಡಿದದ್ದೆಲ್ಲ ತೆರಿಗೆಗೇ ಹೋಗುತ್ತದೆ. ಆದಾಯ 12,10,000 ಆದರೆ ತೆರಿಗೆ 10,000. ಅದರ ಮೇಲೆ ಶೇ 4 ಸೆಸ್, 400. ಹತ್ತು ಸಾವಿರ ಹೆಚ್ಚು ಸಂಪಾದಿಸಿದವಳು ಹತ್ತು ಸಾವಿರದ ನಾನೂರು ಕಟ್ಟಬೇಕು.

ಈ ಸ್ಥಿತಿ ತೆರಿಗೆಗೆ ಒಳಪಡುವ ಆದಾಯ 12,70,588 ರೂಪಾಯಿ ಆಗುವವರೆಗೂ ಮುಂದುವರಿಯುತ್ತದೆ. ಅಲ್ಲಿಂದ ಆಚೆಗೆ ಸಾಮಾನ್ಯ ಸ್ಲ್ಯಾಬ್ ಲೆಕ್ಕವೇ ಕಡಿಮೆಯಾಗುವುದರಿಂದ ತಡೆ ತಾನಾಗಿ ಕಳಚಿಕೊಳ್ಳುತ್ತದೆ, ಪ್ರತಿ ನೂರು ರೂಪಾಯಿ ಹೆಚ್ಚಳದಲ್ಲಿ ಸೆಸ್ ಸೇರಿ 15 ರೂಪಾಯಿ 60 ಪೈಸೆ ಮಾತ್ರ ತೆರಿಗೆಗೆ ಹೋಗುತ್ತದೆ. ಆದರೆ ಅಷ್ಟರಲ್ಲಿ ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಳ್ಳಬೇಕಲ್ಲ. ಅದೂ ಆಗುವ ಹೊತ್ತಿಗೆ ಗ್ರಾಸ್ 13,49,000ದ ಹತ್ತಿರ ಬಂದಿರುತ್ತದೆ. ಅಂದರೆ 12,75,000 ಗ್ರಾಸ್ ಇರುವವರ, 13,49,000 ಗ್ರಾಸ್ ಇರುವವರ ತೆರಿಗೆ ಕಳೆದ ಆದಾಯ ಹೆಚ್ಚುಕಡಿಮೆ ಒಂದೇ. ನಡುವಿನ 74,000 ರೂಪಾಯಿ ಹೆಚ್ಚಳ ಸಂಬಳ ಪಡೆಯುವವರಿಗೆ ತಲುಪುವುದೇ ಇಲ್ಲ.

ಪೂರ್ಣ ಪಿಎಫ್ ಕಟ್ಟುವ ನಮ್ಮ ಎರಡನೆಯ ಕಂಪನಿಯಲ್ಲಿ ಇದು ಇನ್ನೂ ಕಟುವಾಗಿ ಕಾಣುತ್ತದೆ, ಏಕೆಂದರೆ ಸಿಟಿಸಿ ಏರಿದಂತೆ ಪಿಎಫ್ ಕಡಿತವೂ ಏರುತ್ತದೆ. 13,92,000 ಸಿಟಿಸಿಗೆ ಕೈಗೆ 99,082 ಬರುತ್ತಿತ್ತು. ಸಿಟಿಸಿ 14,69,000 ಆದಾಗ ಬರುವುದು 98,461. ಎಪ್ಪತ್ತೇಳು ಸಾವಿರ ಹೆಚ್ಚು ಕೇಳಿ ಪಡೆದವಳ ಕೈಗೆ ತಿಂಗಳಿಗೆ ಆರುನೂರು ರೂಪಾಯಿ ಕಡಿಮೆ. ಮತ್ತೆ 99,082ಕ್ಕೆ ಮರಳಲು 14,79,500 ಸಿಟಿಸಿ ಬೇಕು. ಎಚ್‌ಆರ್ ಫೋನಿನಲ್ಲಿ 'ಮೇಡಂ, ಹದಿನಾಲ್ಕು ಲಕ್ಷ ಇದ್ದದ್ದನ್ನು ಹದಿನಾಲ್ಕೂವರೆ ಮಾಡಿಸಿದ್ದೇವೆ' ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಕಂಪನಿಯ ಖರ್ಚು ನಿಜಕ್ಕೂ ಐವತ್ತು ಸಾವಿರ ಹೆಚ್ಚಿದೆ. ಅದು ಸೇರಿದ್ದು ತೆರಿಗೆಗೆ ಮತ್ತು ಪಿಎಫ್ ಖಾತೆಗೆ.

ಹಾಗಾದರೆ ಆಕೆ ಏನು ಕೇಳಬೇಕು? ಪಿಎಫ್ ಮಿತಿಯಲ್ಲಿದ್ದರೆ ಹನ್ನೆರಡು ಮುಕ್ಕಾಲು ಲಕ್ಷ, ಪೂರ್ಣವಿದ್ದರೆ ಹದಿನಾಲ್ಕು ಲಕ್ಷ ತೊಂಬತ್ತೈದು ಸಾವಿರ. ಕೈಗೆ ಬರುವ ಒಂದೇ ಲಕ್ಷಕ್ಕೆ ಎರಡು ಲಕ್ಷಕ್ಕೂ ಮಿಗಿಲಾದ ಅಂತರವಿರುವ ಎರಡು ಸಿಟಿಸಿಗಳು. ಆದ್ದರಿಂದಲೇ ನಿರೀಕ್ಷೆಯ ಸಂಖ್ಯೆ ಹೇಳುವ ಮೊದಲು ಪಿಎಫ್ ಯಾವುದರ ಮೇಲೆ ಕಟ್ಟುತ್ತೀರಿ ಎಂದು ಕೇಳಲೇಬೇಕು. ಉತ್ತರ ಸಿಗದಿದ್ದರೆ ಸಿಟಿಸಿ ಹೇಳದೆ, ಆಕೆ ನೇರವಾಗಿ ಹೀಗೆ ಹೇಳಬಹುದು: 'ಕಂಪನಿಯ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ಬೋನಸ್ ಎಲ್ಲ ಬಿಟ್ಟು, ನನಗೆ ಫಿಕ್ಸೆಡ್ ಗ್ರಾಸ್ ಇಷ್ಟು ಬೇಕು. ಪಿಎಫ್ 1,800 ಆದರೆ ಹನ್ನೆರಡು ಲಕ್ಷ ಇಪ್ಪತ್ತೈದು ಸಾವಿರ. ಪೂರ್ಣ ಆದರೆ ಹದಿಮೂರು ಲಕ್ಷ ಎಪ್ಪತ್ತು ಸಾವಿರ.' ಗ್ರಾಸ್‌ನಲ್ಲಿ ಮಾತಾಡಿದರೆ ಎಚ್‌ಆರ್‌ಗೂ ಲೆಕ್ಕ ಸುಲಭ, ಅವರು ತಮ್ಮ ಕಂಪನಿಯ ಬಾಬುಗಳನ್ನು ಸೇರಿಸಿ ಸಿಟಿಸಿಯನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಇಲ್ಲಿ ಪಿಎಫ್ ಬಗ್ಗೆ ನ್ಯಾಯವಾದ ಒಂದು ಮಾತು ಹೇಳಬೇಕು. ಪಿಎಫ್‌ಗೆ ಹೋದದ್ದು ಕಳೆದುಹೋದ ಹಣವಲ್ಲ. ಎರಡನೆಯ ಕಂಪನಿಯಲ್ಲಿ ಎರಡೂ ಪಾಲು ಸೇರಿ ಆಕೆಯ ಹೆಸರಿನಲ್ಲಿ ವರ್ಷಕ್ಕೆ 1,79,000 ಜಮೆಯಾಗುತ್ತದೆ, ಮೊದಲನೆಯದರಲ್ಲಿ 43,200 ಮಾತ್ರ. 2024–25ಕ್ಕೆ ಪಿಎಫ್ ಬಡ್ಡಿ ಶೇ 8.25 ಇತ್ತು, ಅಷ್ಟು ಬಡ್ಡಿ ಕೊಡುವ ಸುರಕ್ಷಿತ ಉಳಿತಾಯ ಸುಲಭಕ್ಕೆ ಸಿಗುವುದಿಲ್ಲ. ಸಾಲದ ಕಂತು ಇಲ್ಲದ, ತಿಂಗಳ ಖರ್ಚು ಎಂಬತ್ತು ಸಾವಿರದಲ್ಲಿ ಮುಗಿಯುವ ಒಬ್ಬರಿಗೆ ಪೂರ್ಣ ಪಿಎಫ್ ಇರುವ ಕಂಪನಿಯೇ ಒಳ್ಳೆಯದು. ಕೈಗೆ ಲಕ್ಷ ಬಂದರೇ ಮನೆ ನಡೆಯುವವರಿಗೆ ಮಿತಿಯ ಪಿಎಫ್ ಬೇಕಾಗುತ್ತದೆ. ಇಬ್ಬರಿಗೂ ಒಂದೇ ಸಲಹೆ ಹೊಂದದು. ಈ ಆಯ್ಕೆಗೂ ಮಿತಿಯಿದೆ. ಹಿಂದೆ ಪಿಎಫ್ ಸದಸ್ಯರಾಗಿದ್ದವರು ಹೊಸ ಕಂಪನಿಯಲ್ಲಿ ಪಿಎಫ್ ಬೇಡವೇ ಬೇಡ ಎನ್ನಲು ಬರುವುದಿಲ್ಲ. ಮೊದಲ ಸಲ ಕೆಲಸಕ್ಕೆ ಸೇರುವವರ ವೇತನ 15,000 ಮೀರಿದ್ದರೆ ಮಾತ್ರ ಹೊರಗುಳಿಯುವ ಅವಕಾಶ. ಉಳಿದವರು ಕೇಳಬಹುದಾದದ್ದು ಮಿತಿಯಲ್ಲಿ ಕಟ್ಟಿ ಎಂದು, ಅದೂ ಕಂಪನಿಯ ನೀತಿಯಲ್ಲಿ ಅವಕಾಶವಿದ್ದರೆ.

ಗ್ರಾಚ್ಯುಟಿಯ ಮಾತು ಬೇರೆ. ಅದು ಸಿಟಿಸಿಯಲ್ಲಿ ಪ್ರತಿ ವರ್ಷ ಕಾಣಿಸಿಕೊಂಡರೂ ಕಾಯಂ ಉದ್ಯೋಗಿಯ ಕೈಗೆ ಬರುವುದು ಐದು ವರ್ಷ ಸತತವಾಗಿ ಅದೇ ಕಂಪನಿಯಲ್ಲಿ ದುಡಿದರೆ ಮಾತ್ರ. ಮೂರು ವರ್ಷಕ್ಕೆ ಬಿಟ್ಟುಹೋಗುವವರ ಸಿಟಿಸಿಯಲ್ಲಿ ಬರೆದಿದ್ದ ವರ್ಷಕ್ಕೆ ಮೂವತ್ತು ಸಾವಿರದಷ್ಟು ಅವರಿಗೆ ಎಂದೂ ಸೇರುವುದಿಲ್ಲ. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ಗುತ್ತಿಗೆಯ ಮೇಲೆ ನೇಮಕವಾದವರಿಗೆ ಮಾತ್ರ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಸಿಕ್ಕಿದೆ. ಒಬ್ಬರ ಆಫರ್‌ನಲ್ಲಿ ಗ್ರಾಚ್ಯುಟಿ ಸಿಟಿಸಿಯೊಳಗಿದ್ದು ಇನ್ನೊಬ್ಬರದರಲ್ಲಿ ಹೊರಗಿದ್ದರೆ, ಎರಡನ್ನೂ ಹಾಗೆಯೇ ಪಕ್ಕದಲ್ಲಿಟ್ಟು ಹೋಲಿಸಬಾರದು.

ಇನ್ನು ವೇರಿಯಬಲ್ ಪೇ. ಆಫರ್ ಲೆಟರ್‌ನಲ್ಲಿ ಬಲು ಆಕರ್ಷಕವಾಗಿ ಕಾಣುವ ಸಾಲು ಇದು. ಮೊದಲ ಕಂಪನಿಯ ಎಚ್‌ಆರ್, ಗ್ರಾಸ್ 12,24,100 ಒಪ್ಪಿ, ಅದರ ಮೇಲೆ ವರ್ಷದ ಕೊನೆಗೆ 1,40,000 ಬೋನಸ್ ಕೊಡುತ್ತೇವೆ ಎಂದರು ಎಂದುಕೊಳ್ಳಿ. ತಿಂಗಳ ಲಕ್ಷ ಹಾಗೇ ಇದೆ, ಮೇಲೆ ಬಂದದ್ದೆಲ್ಲ ಲಾಭ ಎಂದು ಅನಿಸುವುದು ಸಹಜ. ಆದರೆ ಬೋನಸ್ ಸೇರಿದ ಕ್ಷಣ ವರ್ಷದ ಗ್ರಾಸ್ 13,64,100 ಆಗಿ, ತೆರಿಗೆಗೆ ಒಳಪಡುವ ಆದಾಯ 12,89,100ಕ್ಕೆ ಏರುತ್ತದೆ. ಸೊನ್ನೆ ಇದ್ದ ತೆರಿಗೆ ಸುಮಾರು 76,300 ಆಗುತ್ತದೆ. 1,40,000 ಬೋನಸ್‌ನಲ್ಲಿ ಆಕೆಗೆ ಉಳಿಯುವುದು 63,700. ಅರ್ಧಕ್ಕಿಂತ ಕಡಿಮೆ. ಕೆಲವು ಕಂಪನಿಗಳು ಬೋನಸ್ ಕೊಡುವ ತಿಂಗಳಲ್ಲೇ ಪೂರ್ತಿ ತೆರಿಗೆ ಮುರಿದುಕೊಳ್ಳುತ್ತವೆ. ಇನ್ನು ಕೆಲವು ನಿರೀಕ್ಷಿತ ಬೋನಸ್ ಅನ್ನು ಏಪ್ರಿಲ್‌ನಿಂದಲೇ ವರ್ಷದ ಆದಾಯಕ್ಕೆ ಸೇರಿಸಿ ತಿಂಗಳು ತಿಂಗಳು ಟಿಡಿಎಸ್ ಹಿಡಿಯುತ್ತವೆ. ಎರಡನೆಯ ಪದ್ಧತಿಯಿದ್ದರೆ, ಇನ್ನೂ ಕಣ್ಣಿಗೆ ಕಾಣದ ಬೋನಸ್‌ಗಾಗಿ ಆಕೆಯ ತಿಂಗಳ ಸಂಬಳ 93,600ಕ್ಕೆ ಇಳಿಯುತ್ತದೆ. ಯಾವ ಪದ್ಧತಿ ಎಂದು ಸೇರುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಸಂಬಳ ಆ ನಿರುಪಯುಕ್ತ ಪಟ್ಟಿಯೊಳಗೇ ಸಿಕ್ಕಿಬಿದ್ದರೆ, ಕಂಪನಿ ಅದಕ್ಕಿಂತ ಮೇಲೆ ಹೋಗಲು ಒಪ್ಪದಿದ್ದರೆ, ಒಂದು ದಾರಿ ಉಳಿದಿರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲೂ ಬೇಸಿಕ್‌ನ ಶೇ 14ರವರೆಗೆ ಕಂಪನಿ ಉದ್ಯೋಗಿಯ ಎನ್‌ಪಿಎಸ್ ಖಾತೆಗೆ ಕಟ್ಟಿದರೆ ಅದು ತೆರಿಗೆಯ ಆದಾಯದಿಂದ ಕಳೆಯುತ್ತದೆ. ಪೂರ್ಣ ಪಿಎಫ್ ಇರುವ ಕಂಪನಿ 14,40,000 ಸಿಟಿಸಿಗೆ ನಿಂತುಬಿಟ್ಟಿತು ಎನ್ನಿ. ಗ್ರಾಸ್ 13,19,000. ಗಡಿಗಿಂತ 44,000 ಹೆಚ್ಚು. ಹಾಗೇ ಬಿಟ್ಟರೆ ಸುಮಾರು 45,700 ತೆರಿಗೆ ಕಟ್ಟಬೇಕು. ಅದರ ಬದಲು ಆ 44,000ವನ್ನು ಸಿಟಿಸಿಯೊಳಗೇ ಎನ್‌ಪಿಎಸ್‌ಗೆ ತಿರುಗಿಸಲು ಹೇಳಿದರೆ ತೆರಿಗೆ ಸೊನ್ನೆಯಾಗುತ್ತದೆ, ಆಕೆಯ ಪಿಂಚಣಿ ಖಾತೆಯಲ್ಲಿ 44,000 ಇರುತ್ತದೆ, ಕೈಗೆ ಬರುವುದೂ ತಿಂಗಳಿಗೆ ನೂರೈವತ್ತು ರೂಪಾಯಿಯಷ್ಟು ಹೆಚ್ಚೇ. ಎನ್‌ಪಿಎಸ್ ಹಣ ಬೇಕೆಂದಾಗ ತೆಗೆಯಲು ಬರುವುದಿಲ್ಲ ಎನ್ನುವುದು ನಿಜ. ಆದರೆ ಇಲ್ಲಿ ಆ ಹಣದ ಇನ್ನೊಂದು ದಾರಿ ಇದ್ದದ್ದು ತೆರಿಗೆಗೆ ಮಾತ್ರ. ಆದ್ದರಿಂದ ಈ ಪಟ್ಟಿಯಲ್ಲಿರುವವರು ಎನ್‌ಪಿಎಸ್ ಸೌಲಭ್ಯ ಇದೆಯೇ ಎಂದು ಕೇಳದೆ ಆಫರ್‌ಗೆ ಸಹಿ ಹಾಕಬಾರದು.

ಹಳೆಯ ತೆರಿಗೆ ಪದ್ಧತಿಯೂ ಇನ್ನೂ ಜೀವಂತವಾಗಿದೆ. ದೊಡ್ಡ ಗೃಹಸಾಲದ ಬಡ್ಡಿ, ಬಾಡಿಗೆಯ ವಿನಾಯಿತಿ, ವಿಮೆ ಎಲ್ಲವೂ ಒಟ್ಟಿಗೆ ಇರುವವರು ಒಮ್ಮೆ ಅದರಲ್ಲೂ ಲೆಕ್ಕ ಹಾಕಿ ನೋಡಬಹುದು. ಈ ಮಟ್ಟದ ಸಂಬಳಕ್ಕೆ ಹೊಸ ಪದ್ಧತಿಯನ್ನು ಅದು ಸೋಲಿಸುವುದು ಅಪರೂಪ.

ಇಷ್ಟೆಲ್ಲ ಲೆಕ್ಕವನ್ನು ಪ್ರತಿ ಆಫರ್‌ಗೂ ಕೈಯಲ್ಲಿ ಮಾಡಬೇಕಾಗಿಲ್ಲ. ಎಕ್ಸೆಲ್‌ನ ಒಂದು ಹಾಳೆಯಲ್ಲಿ ಆರು ಸಾಲು ಬರೆದರೆ ಸಾಕು. ಪೂರ್ಣ ಪಿಎಫ್‌ನ ಲೆಕ್ಕ ಹೀಗಿರುತ್ತದೆ:

```
B1   1500000
B2   =B1*0.5
B3   =B1-B2*0.12-B2*0.0481
B4   =B3-75000
B5   =IF(B4<=1200000,0,1.04*MIN(B4-1200000,60000+0.15*(B4-1200000)))
B6   =(B3-B2*0.12-B5-2500)/12
```

ಮೇಲಿನಿಂದ ಕ್ರಮವಾಗಿ ಸಿಟಿಸಿ, ಬೇಸಿಕ್, ಗ್ರಾಸ್, ತೆರಿಗೆಗೆ ಒಳಪಡುವ ಆದಾಯ, ತೆರಿಗೆ, ಕೊನೆಯಲ್ಲಿ ತಿಂಗಳಿಗೆ ಕೈಗೆ ಬರುವುದು. ಪಿಎಫ್ 1,800 ಮಾತ್ರ ಇದ್ದರೆ ಮೂರನೆಯ ಮತ್ತು ಆರನೆಯ ಸಾಲಿನಲ್ಲಿ `B2*0.12` ಇರುವಲ್ಲಿ `21600` ಬರೆಯಬೇಕು. ಇನ್ಶೂರೆನ್ಸ್ ಪ್ರೀಮಿಯಂ ಸಿಟಿಸಿಯೊಳಗಿದ್ದರೆ ಅದನ್ನು ಮೂರನೆಯ ಸಾಲಿನಲ್ಲಿ ಕಳೆಯಬೇಕು. ಆಮೇಲೆ `Data` ಮೆನುವಿನ `What-If Analysis` ಒಳಗೆ `Goal Seek` ತೆರೆದು, `Set cell` ಎಂಬಲ್ಲಿ `B6`, `To value` ಎಂಬಲ್ಲಿ `100000`, `By changing cell` ಎಂಬಲ್ಲಿ `B1` ಕೊಟ್ಟರೆ ಎಕ್ಸೆಲ್ ತಾನೇ ಹಿಂದಕ್ಕೆ ನಡೆದು ಸಿಟಿಸಿಯನ್ನು ಹುಡುಕಿಕೊಡುತ್ತದೆ. ಈ ತೆರಿಗೆಯ ಸಾಲು ತೆರಿಗೆಗೆ ಒಳಪಡುವ ಆದಾಯ ಹದಿನಾರು ಲಕ್ಷ ದಾಟದವರಿಗೆ ಮಾತ್ರ ಸರಿ, ಅದರಾಚೆಗೆ ಮೇಲಿನ ಸ್ಲ್ಯಾಬ್‌ಗಳನ್ನು ಸೇರಿಸಬೇಕಾಗುತ್ತದೆ. ಇನ್ನೊಂದು ಎಚ್ಚರ: ಮೊದಲ ಸಾಲಿನಲ್ಲಿ ಆರಂಭಕ್ಕೆ ಹದಿನಾಲ್ಕು ಲಕ್ಷ ಹತ್ತು ಸಾವಿರದಂಥ ಸಂಖ್ಯೆ ಕೊಟ್ಟರೆ, ಸಿಟಿಸಿ ಏರಿಸಿದಾಗ ಸಂಬಳ ಇಳಿಯುವ ಆ ಪಟ್ಟಿಯಲ್ಲೇ ಹುಡುಕಾಟ ಶುರುವಾಗಿ ಎಕ್ಸೆಲ್ ತಪ್ಪು ದಿಕ್ಕಿಗೆ ಹೋಗಬಹುದು. ಹದಿನೈದು ಲಕ್ಷದಿಂದ ಒಮ್ಮೆ, ಹನ್ನೆರಡರಿಂದ ಒಮ್ಮೆ ಶುರು ಮಾಡಿ ಎರಡೂ ಉತ್ತರ ನೋಡುವುದು ಕ್ಷೇಮ.

ಆ ಪಟ್ಟಿಯನ್ನು ದಾಟಿದ ಮೇಲೆ ಚೌಕಾಸಿಯ ಲೆಕ್ಕ ಸರಳವಾಗುತ್ತದೆ. ಪೂರ್ಣ ಪಿಎಫ್ ಇರುವಲ್ಲಿ ಹದಿನೈದು ಲಕ್ಷದ ಆಚೆ, ಶೇ 15ರ ಸ್ಲ್ಯಾಬ್ ಮುಗಿಯುವವರೆಗೆ, ಸಿಟಿಸಿಯ ಪ್ರತಿ ನೂರರಲ್ಲಿ 71 ರೂಪಾಯಿ ಕೈಗೆ ಬರುತ್ತದೆ. ತಿಂಗಳಿಗೆ ಒಂದು ಸಾವಿರ ಹೆಚ್ಚು ಬೇಕಾದರೆ ಸಿಟಿಸಿಯಲ್ಲಿ 16,800 ಹೆಚ್ಚು ಕೇಳಬೇಕು. ತೆರಿಗೆ ಇಲ್ಲದ ಗಡಿಯೊಳಗಿದ್ದರೆ 14,000 ಸಾಕು. ಫೋನಿನಲ್ಲಿ ಮಾತಾಡುವಾಗ ಈ ಎರಡು ಸಂಖ್ಯೆಗಳು ನೆನಪಿದ್ದರೆ, ಎದುರಿನವರು ಇಪ್ಪತ್ತೈದು ಸಾವಿರ ಏರಿಸಿದ್ದೇವೆ ಎಂದಾಗ ಅದು ತಿಂಗಳಿಗೆ ಎಷ್ಟಾಯಿತೆಂದು ಅಲ್ಲೇ ತಿಳಿಯುತ್ತದೆ.

ಜಾಯ್ನಿಂಗ್ ಬೋನಸ್ ಒಂದೇ ಸಲ ಬರುವಂಥದ್ದು, ತೆರಿಗೆಯೂ ಅದರ ಮೇಲಿದೆ, ಸಾಮಾನ್ಯವಾಗಿ ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಇರುತ್ತದೆ. ತಿಂಗಳ ಖರ್ಚಿನ ಲೆಕ್ಕಕ್ಕೆ ಅದನ್ನು ತರಲೇಬಾರದು.

ವರ್ಷದ ನಡುವೆ ಕೆಲಸ ಬದಲಿಸುವವರ ಲೆಕ್ಕ ಇನ್ನೊಂದು ಕಡೆ ತಪ್ಪುತ್ತದೆ. ಆಕೆ ಅಕ್ಟೋಬರ್‌ನಲ್ಲಿ ಸೇರಿದಳು ಎನ್ನಿ. ಹೊಸ ಕಂಪನಿಗೆ ಕಾಣುವುದು ಮಾರ್ಚ್‌ವರೆಗಿನ ಆರು ತಿಂಗಳ ಸಂಬಳ ಮಾತ್ರ. ಹಳೆಯ ಕಂಪನಿಯ ಸಂಬಳದ ವಿವರ ಆಕೆ ಕೊಡದಿದ್ದರೆ, ಆರು ತಿಂಗಳ ಆದಾಯಕ್ಕೆ ತೆರಿಗೆ ಬರುವುದೇ ಇಲ್ಲವೆಂದು ಅವರು ಟಿಡಿಎಸ್ ಹಿಡಿಯುವುದಿಲ್ಲ. ಹಳೆಯ ಕಂಪನಿಯೂ ತನ್ನ ಲೆಕ್ಕದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಸ್ಲ್ಯಾಬ್‌ಗಳ ಲಾಭ ಒಮ್ಮೆ ಕೊಟ್ಟಿರುತ್ತದೆ. ಎರಡೂ ಕಡೆಯ ಆದಾಯ ಕೂಡಿ ಹನ್ನೆರಡು ಮುಕ್ಕಾಲು ಲಕ್ಷ ದಾಟಿದ್ದರೆ, ಮರುವರ್ಷ ರಿಟರ್ನ್ ಸಲ್ಲಿಸುವಾಗ ಪೂರ್ತಿ ತೆರಿಗೆಯನ್ನು ಬಡ್ಡಿ ಸಮೇತ ಒಂದೇ ಗಂಟಿನಲ್ಲಿ ಕಟ್ಟಬೇಕಾಗುತ್ತದೆ. ಆ ಆರು ತಿಂಗಳ ಪೇಸ್ಲಿಪ್‌ನಲ್ಲಿ ಕಂಡ ಲಕ್ಷ ಆಕೆಯ ನಿಜವಾದ ಸಂಬಳವಾಗಿರಲಿಲ್ಲ. ಸೇರಿದ ಮೊದಲ ವಾರದಲ್ಲೇ ಹಳೆಯ ಕಂಪನಿಯ ಸಂಬಳ ಮತ್ತು ಟಿಡಿಎಸ್ ವಿವರವನ್ನು ಹೊಸ ಕಂಪನಿಯ ಪೇರೋಲ್ ವಿಭಾಗಕ್ಕೆ ಕೊಟ್ಟರೆ ಮೊದಲ ಪೇಸ್ಲಿಪ್‌ನಲ್ಲೇ ಸರಿಯಾದ ಟಿಡಿಎಸ್ ಕಾಣುತ್ತದೆ. ತಾನು ಹಾಕಿದ ಹಿಮ್ಮುಖ ಲೆಕ್ಕಕ್ಕೂ ಆ ಸ್ಲಿಪ್‌ಗೂ ಎಲ್ಲಿ ವ್ಯತ್ಯಾಸ ಬಂದಿದೆ ಎಂದು ಸಾಲು ಸಾಲಾಗಿ ಹೋಲಿಸಿ, ಬೇಸಿಕ್, ಪಿಎಫ್ ಅಥವಾ ಟಿಡಿಎಸ್ ತಪ್ಪಿದ್ದರೆ ಎರಡನೆಯ ತಿಂಗಳ ಪೇರೋಲ್ ಮುಚ್ಚುವ ಮೊದಲೇ ಸರಿಪಡಿಸಿಕೊಳ್ಳಲು ಆಕೆಗೆ ಸಮಯವಿರುತ್ತದೆ.